ಚಿಕ್ಕಪ್ಪ ಓದಿದ್ದು 'ಬಣದ ಗುಟು': ಥಂಬ್‌ನೇಲ್‌ಗೆ ಕನ್ನಡ ಅಕ್ಷರ ಕೂರಿಸಿದ ಕಥೆ

ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಂಗಳ ಇದು. ಹಿಂದೆ ಹೊಗೆ ಕಾಣುತ್ತಿದೆಯಲ್ಲ, ಅಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ. ಎಳೆಯ ಅಡಿಕೆಯನ್ನು ಸುಲಿದು, ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ರಸ, ಅಂದರೆ ಚೊಗರು, ಸೇರಿಸಿದ ನೀರಿನಲ್ಲಿ ಬೇಯಿಸಿ, ಆಮೇಲೆ ಒಣಗಿಸುತ್ತಾರೆ. ಆ ಕೆಂಪು ಬಣ್ಣ ಹೇಗೆ ಬರುತ್ತದೆ ಅನ್ನುವುದೇ ನನ್ನ ಹೊಸ ವಿಡಿಯೋ. ಅದನ್ನು ಎಡಿಟ್ ಮಾಡಲು ಎರಡು ದಿನ ಸಾಕಾಯಿತು. ಯೂಟ್ಯೂಬ್‌ನಲ್ಲಿ ವಿಡಿಯೋ ತೆರೆಯುವ ಮೊದಲು ಕಾಣುವ ಚಿಕ್ಕ ಚಿತ್ರ ಇದೆಯಲ್ಲ, ಆ ಥಂಬ್‌ನೇಲ್‌ಗೆ ಮೂರು ಸಂಜೆ ಬೇಕಾಯಿತು. ಇವತ್ತು ಆ ಮೂರು ಸಂಜೆಯ ಕಥೆ ಹೇಳುತ್ತೇನೆ.

ಮೊದಲು ಮಾಡಿದ್ದು ಇದು. ಸ್ಕ್ರೀನ್ ಮೇಲೆ ನೋಡಿ. ಹಸಿರು ತೋಟದ ಫೋಟೋ, ಅದರ ಮೇಲೆ ಕೆಂಪು ಅಕ್ಷರದಲ್ಲಿ 'ಬಣ್ಣದ ಗುಟ್ಟು'. ಲ್ಯಾಪ್‌ಟಾಪ್‌ನಲ್ಲಿ ತುಂಬ ಚೆನ್ನಾಗಿ ಕಾಣುತ್ತಿತ್ತು. ಫೋನಿಗೆ ಕಳಿಸಿಕೊಂಡೆ. ಜಗಲಿಯಲ್ಲಿ ಕೂತಿದ್ದ ಚಿಕ್ಕಪ್ಪನಿಗೆ ಫೋನನ್ನು ಅಷ್ಟು ದೂರದಿಂದಲೇ ತೋರಿಸಿ, "ಏನು ಬರೆದಿದೆ ಓದಿ ಚಿಕ್ಕಪ್ಪ" ಅಂದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಬಣದ ಗುಟು... ಯಾವ ಬಣ ಮಾರಾಯ? ನಾಗಬಣದ ವಿಡಿಯೋನಾ?" ಅಂದರು.

ಚಿಕ್ಕಪ್ಪನ ಕಣ್ಣಿನ ತಪ್ಪಲ್ಲ ಅದು. ಆ ಅಳತೆಯಲ್ಲಿ ಒತ್ತಕ್ಷರ ನಿಜಕ್ಕೂ ಮಾಯವಾಗಿತ್ತು. ನನಗೆ ಮಾತ್ರ ಕಾಣುತ್ತಿತ್ತು, ಯಾಕೆಂದರೆ ಬರೆದವನು ನಾನೇ. ಏನು ಬರೆದಿದೆ ಅಂತ ಮೊದಲೇ ಗೊತ್ತಿದ್ದವನ ಕಣ್ಣು ಇಲ್ಲದ್ದನ್ನೂ ತುಂಬಿಕೊಂಡು ಓದಿಬಿಡುತ್ತದೆ.

ಲೆಕ್ಕ ಹಾಕಿ ನೋಡೋಣ. ಥಂಬ್‌ನೇಲ್ ಅನ್ನು ನಾವು 1280 ಪಿಕ್ಸೆಲ್ ಅಗಲ, 720 ಪಿಕ್ಸೆಲ್ ಎತ್ತರದಲ್ಲಿ ಮಾಡುತ್ತೇವೆ. ಆದರೆ ಕಂಪ್ಯೂಟರಿನಲ್ಲಿ ವಿಡಿಯೋದ ಪಕ್ಕ ಬರುವ ಪಟ್ಟಿಯಲ್ಲಿ ಅದು ಸುಮಾರು 168 ಅಗಲ, 94 ಎತ್ತರಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲು. ನಾನು ಇಟ್ಟಿದ್ದ ಅಕ್ಷರ 190 ಪಿಕ್ಸೆಲ್ ಎತ್ತರ ಇತ್ತು. ಚಿಕ್ಕದಾದಾಗ 25 ಆಯಿತು. ಅದು ಓದಲು ಸಾಕು. ಆದರೆ ಒತ್ತು ಮೂಲ ಅಕ್ಷರದ ಅರ್ಧದಷ್ಟೇ ಇರುತ್ತದೆ. ಅದಕ್ಕೆ ಉಳಿದದ್ದು 12 ಪಿಕ್ಸೆಲ್. ಆ 12 ಪಿಕ್ಸೆಲ್‌ನಲ್ಲಿ ಣ ಒತ್ತಿನ ಸುರುಳಿ ಪೂರ್ತಿ ಕೂರಬೇಕು. ಕೂರುವುದಿಲ್ಲ. ಅಕ್ಷರದ ಕೆಳಗೆ ಒಂದು ಮಸಿ ಚುಕ್ಕೆಯಾಗಿ ಉಳಿಯುತ್ತದೆ, ಅಷ್ಟೆ.

ಇಂಗ್ಲಿಷ್‌ನವರು ಹೇಳಿಕೊಡುವ ಪಾಠ ನಮಗೆ ಪೂರ್ತಿ ಸಾಲದು ಅಂತ ನನಗೆ ಅನ್ನಿಸಿದ್ದು ಇಲ್ಲೇ. ಅವರು "ಮೂರು ನಾಲ್ಕು ಪದ ಸಾಕು, ದಪ್ಪ ಅಕ್ಷರ ಹಾಕಿ" ಅನ್ನುತ್ತಾರೆ. ಅವರ ದೊಡ್ಡಕ್ಷರಗಳು ಒಂದೇ ಎತ್ತರದ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಹಾಗಾಗಿ ನಾವು ಪದಗಳನ್ನು ಎಣಿಸಿದರೆ ಸಾಲದು, ಒತ್ತುಗಳನ್ನೂ ಎಣಿಸಬೇಕು. 'ಬಣ್ಣದ ಗುಟ್ಟು' ಎರಡೇ ಪದ, ಆದರೆ ಎರಡರಲ್ಲೂ ಒತ್ತಿದೆ. ಎರಡು ಸಾಲಾಗಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ತಾಗಬಾರದು ಅಂತ ಸಾಲುಗಳ ನಡುವೆ ಜಾಗ ಬಿಟ್ಟರೆ ಅಕ್ಷರವನ್ನೇ ಚಿಕ್ಕದು ಮಾಡಬೇಕಾಗುತ್ತದೆ. ಒಂದು ಒತ್ತು ಇಡೀ ಬರಹವನ್ನು ಕುಗ್ಗಿಸುತ್ತದೆ.

ಎರಡನೇ ಸಂಜೆ ಪೂರ್ತಿ ಪದ ಹುಡುಕುವುದರಲ್ಲೇ ಹೋಯಿತು. ವಿಡಿಯೋದ ಶೀರ್ಷಿಕೆ ಹೇಗೂ ಥಂಬ್‌ನೇಲ್ ಕೆಳಗೇ ಬರುತ್ತದೆ. ಅಲ್ಲಿ 'ಅಡಿಕೆ' ಅಂತ ಇದೆ. ಫೋಟೋದಲ್ಲಿ ಹಂಡೆ ಇದೆ. ಹಾಗಾದರೆ ಅಡಿಕೆ, ಮಲೆನಾಡು, ಬೇಯಿಸುವುದು ಇವನ್ನೆಲ್ಲ ಮತ್ತೆ ಬರೆಯುವ ಅಗತ್ಯವೇ ಇಲ್ಲ. ಉಳಿಯುವುದು ಪ್ರಶ್ನೆ ಮಾತ್ರ. 'ಕೆಂಪು ಹೇಗೆ?' ಅಂತ ಬರೆದೆ. ಒಂದೂ ಒತ್ತಿಲ್ಲ. 'ಪು'ವಿನ ಕೊಂಬು ಪಕ್ಕಕ್ಕೆ ಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ. ಎರಡು ಸಾಲನ್ನು ಹತ್ತಿರ ಹತ್ತಿರ ಕೂರಿಸಬಹುದು. ಅಷ್ಟೇ ಜಾಗದಲ್ಲಿ ಅಕ್ಷರದ ಎತ್ತರ 190ರಿಂದ 250ಕ್ಕೆ ಏರಿತು. ಚಿಕ್ಕದಾದಾಗಲೂ 33 ಪಿಕ್ಸೆಲ್ ಉಳಿಯುತ್ತದೆ.

ಒತ್ತು ಇರುವ ಪದ ಹಾಕಲೇಬಾರದು ಅಂತ ನಾನು ಹೇಳುತ್ತಿಲ್ಲ. ನಾಳೆ ಶಿವಮೊಗ್ಗದ ಬಗ್ಗೆ ವಿಡಿಯೋ ಮಾಡಿದರೆ ಊರಿನ ಹೆಸರನ್ನೇ ಬದಲಿಸಲು ಆಗುವುದಿಲ್ಲವಲ್ಲ. ಆದರೆ ಅಲ್ಲಿ ಒತ್ತು ಹೋದರೂ 'ಶಿವಮೊಗ' ಅಂತ ಓದಿದವರಿಗೆ ಊರು ಗೊತ್ತಾಗುತ್ತದೆ. ಒತ್ತು ಹೋದಾಗ ಬೇರೆ ಪದವೇ ಆಗಿಬಿಡುತ್ತದಾ ಅಂತ ನೋಡಿಕೊಳ್ಳಬೇಕು. ಬಣ್ಣ ಬಣ ಆದ ಹಾಗೆ. ಮಹಾಪ್ರಾಣಕ್ಕೂ ಇದೇ ತೊಂದರೆ. ಧ ಅಕ್ಷರದ ಸಣ್ಣ ಸೀಳು ಮುಚ್ಚಿಕೊಂಡರೆ ಅದು ದ. ಭ ಹೋಗಿ ಬ ಆಗುತ್ತದೆ.

ಈಗ ದಪ್ಪದ ವಿಷಯ. ನಾನು ಜಾಸ್ತಿ ಎಡವಿದ್ದು ಇಲ್ಲಿ. ಫಾಂಟ್‌ಗೆ ಬಲೂ ತಮ್ಮ 2 ತೆಗೆದುಕೊಂಡಿದ್ದೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ದುಂಡಗಿದೆ, ನನಗೆ ತುಂಬ ಇಷ್ಟ. ಅದರಲ್ಲಿ ಅತಿ ದಪ್ಪದ್ದು 800. ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡು ಅದನ್ನೇ ಹಾಕಿದೆ. ಅದೂ ಸಾಲದೆ, ಫೋನಿನ ಆ್ಯಪ್‌ನಲ್ಲಿ ಕಪ್ಪು ಅಂಚು ಬೇರೆ ಕೊಟ್ಟೆ. ಚಿಕ್ಕದು ಮಾಡಿ ನೋಡಿದರೆ 'ಕೆಂಪು' ಪದದ ಸೊನ್ನೆ ಒಂದು ಉಂಡೆಯಾಗಿತ್ತು. ಕ ಅಕ್ಷರದ ಹೊಟ್ಟೆ ಮುಚ್ಚಿತ್ತು.

ಕನ್ನಡ ಅಕ್ಷರ ಗುರುತಾಗುವುದು ಗೆರೆಯಿಂದ ಮಾತ್ರ ಅಲ್ಲ, ಒಳಗಿನ ತೂತಿನಿಂದ. ನಮ್ಮ ಅಕ್ಷರಗಳೆಲ್ಲ ದುಂಡು, ಹೊರಗಿನ ಆಕಾರ ಒಂದಕ್ಕೊಂದು ಹತ್ತಿರ. ಒಳಗಿನ ಬಯಲೇ ಅವನ್ನು ಬೇರೆ ಮಾಡುತ್ತದೆ. ಗೆರೆ ದಪ್ಪ ಆದ ಹಾಗೆ ಆ ಬಯಲು ಕಿರಿದಾಗುತ್ತದೆ. ದೊಡ್ಡ ಚಿತ್ರದಲ್ಲಿ 8 ಪಿಕ್ಸೆಲ್ ಇರುವ ತೂತು ಚಿಕ್ಕದರಲ್ಲಿ 1 ಪಿಕ್ಸೆಲ್. ಆ ಒಂದು ಪಿಕ್ಸೆಲ್ ಅಕ್ಕಪಕ್ಕದ ಬಣ್ಣಗಳ ಜೊತೆ ಕಲೆತು ಬೂದಾಗುತ್ತದೆ. ಅದಕ್ಕೆ ನಾನು ಈಗ ಇಟ್ಟುಕೊಂಡಿರುವ ಅಳತೆ ಏನೆಂದರೆ, ದೊಡ್ಡ ಚಿತ್ರದಲ್ಲಿ ಅತಿ ಸಣ್ಣ ತೂತೂ 24 ಪಿಕ್ಸೆಲ್‌ಗಿಂತ ಕಡಿಮೆ ಇರಬಾರದು. ಆಗ ಚಿಕ್ಕದರಲ್ಲಿ 3 ಉಳಿಯುತ್ತದೆ. 800 ಬಿಟ್ಟು 700ಕ್ಕೆ ಇಳಿದೆ. ಅಕ್ಷರಗಳ ನಡುವೆ ಸ್ವಲ್ಪ ಜಾಗ ಹೆಚ್ಚಿಸಿದೆ. ಸೊನ್ನೆ ಮತ್ತೆ ಸೊನ್ನೆಯಾಯಿತು.

ಕಪ್ಪು ಅಂಚಿನಲ್ಲೂ ಒಂದು ವಿಷಯ ಇದೆ. ನನ್ನ ಆ್ಯಪ್ ಅಂಚನ್ನು ಅಕ್ಷರದ ಮೇಲೆ ಬಳಿಯುತ್ತಿತ್ತು. 20 ಪಿಕ್ಸೆಲ್ ಅಂಚು ಕೊಟ್ಟರೆ ಅದರಲ್ಲಿ 10 ಹೊರಗೆ, 10 ಅಕ್ಷರದ ಗೆರೆಯನ್ನೇ ತಿನ್ನುತ್ತದೆ. ಎರಡೂ ಕಡೆಯಿಂದ ತಿಂದರೆ ಗೆರೆ ಸೊರಗುತ್ತದೆ. ಅಂಚು ಅಕ್ಷರದ ಹಿಂದೆ ಇರಬೇಕು. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ `Fill and Stroke` ತೆರೆದು, `Stroke style` ಒಳಗೆ `Order` ಅಂತ ಇದೆ. ಅಲ್ಲಿ ಅಂಚನ್ನು ಹಿಂದಕ್ಕೆ ಕಳಿಸಬಹುದು. ಆಗ ಅಕ್ಷರದ ಗೆರೆ ಪೂರ್ತಿ ಉಳಿಯುತ್ತದೆ, ತೂತಿನ ಒಳಗೂ ಕಪ್ಪು ತುಂಬಿಕೊಂಡು ಅದು ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ. ಅಂಚಿನ ಬದಲು ಮಸುಕು ನೆರಳು ಕೊಟ್ಟೂ ನೋಡಿದೆ. ಚಿಕ್ಕದಾದಾಗ ಅಕ್ಷರ ಕೊಳೆಯಾದ ಹಾಗೆ ಕಾಣಿಸಿತು. ತೆಗೆದುಬಿಟ್ಟೆ.

ಮೂರನೇ ಸಂಜೆ ಬಣ್ಣ. ವಿಡಿಯೋ ಕೆಂಪಿನ ಬಗ್ಗೆ, ಹಾಗಾಗಿ ಅಕ್ಷರವೂ ಕೆಂಪಿರಲಿ ಅಂತ ನನಗೆ ತುಂಬ ಆಸೆ ಇತ್ತು. ಆ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿದೆ. ನೀವೂ ನೋಡಿ. ಅಕ್ಷರ ಎಲ್ಲಿ? ಇಲ್ಲ. ಅಡಿಕೆ ತೋಟದ ಕಡು ಹಸಿರಿಗೂ ಆ ಕೆಂಪಿಗೂ ಬೆಳಕು ಹೆಚ್ಚುಕಡಿಮೆ ಒಂದೇ. ಬಣ್ಣ ಬೇರೆ, ಆದರೆ ಹೊಳಪು ಸಮ. ಚಿಕ್ಕ ಅಳತೆಯಲ್ಲಿ ಕಣ್ಣಿಗೆ ಆಕಾರ ತಿಳಿಯುವುದು ಮುಖ್ಯವಾಗಿ ಹೊಳಪಿನ ವ್ಯತ್ಯಾಸದಿಂದ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದವರಿಗಂತೂ ಅಲ್ಲಿ ಏನೂ ಇರುವುದಿಲ್ಲ.

ಜೊತೆಗೆ ತೋಟದ ಫೋಟೋದಲ್ಲಿ ನೂರಾರು ಸೋಗೆಯ ಗೆರೆಗಳು. ಅಕ್ಷರದ ಗೆರೆ ಅವುಗಳ ನಡುವೆ ಕಳೆದುಹೋಗುತ್ತದೆ. ಹಾಗಾಗಿ ಫೋಟೋವನ್ನೇ ಬದಲಿಸಿದೆ. ಬೆಳಗಿನ ಜಾವ, ಬೆಳಕು ಹರಿಯುವ ಮೊದಲು, ಒಲೆಯ ಪಕ್ಕ ಕೂತು ಹಂಡೆಯನ್ನು ತೆಗೆದದ್ದು ಇದು. ಎಡಗಡೆ ಪೂರ್ತಿ ಕತ್ತಲು. ಬಲಗಡೆ ಹಂಡೆ, ಕೆಂಪು ಚೊಗರು, ಬೆಂಕಿ. ಕೆಂಪು ಚಿತ್ರದಲ್ಲೇ ಬಂತು, ಅಕ್ಷರಕ್ಕೆ ಅದು ಬೇಕಾಗಲಿಲ್ಲ. ಎಡಗಡೆಯ ಕತ್ತಲಲ್ಲಿ ಬಿಳಿ ಅಕ್ಷರ ಇಟ್ಟೆ. ಒಂದೇ ಒಂದು ಎಚ್ಚರ, ಹಂಡೆಯ ಆವಿ ಎಡಕ್ಕೆ ತೇಲಿ ಬಂದ ಕಡೆ ಬಿಳಿ ಅಕ್ಷರ ಕರಗುತ್ತದೆ. ಗಾಳಿ ತಿರುಗುವವರೆಗೆ ಕಾದು ಮತ್ತೊಂದು ಫೋಟೋ ತೆಗೆಯಬೇಕಾಯಿತು.

ಅಕ್ಷರ ಎಡಕ್ಕೆ ಇಟ್ಟಿದ್ದಕ್ಕೆ ಇನ್ನೊಂದು ಕಾರಣ ಇದೆ. ಬಲಗಡೆ ಕೆಳಮೂಲೆಯಲ್ಲಿ ಯೂಟ್ಯೂಬ್ ವಿಡಿಯೋದ ಸಮಯವನ್ನು ಕಪ್ಪು ಪಟ್ಟಿಯಲ್ಲಿ ಹಾಕುತ್ತದೆ. ಥಂಬ್‌ನೇಲ್ ಚಿಕ್ಕದಾದರೂ ಆ ಪಟ್ಟಿ ಅಷ್ಟಾಗಿ ಚಿಕ್ಕದಾಗುವುದಿಲ್ಲ, ಹಾಗಾಗಿ ಹೆಚ್ಚು ಜಾಗ ತಿನ್ನುತ್ತದೆ. ನನ್ನ ಮೊದಲ ಚಿತ್ರದಲ್ಲಿ 'ಟ್ಟು' ಅದರ ಕೆಳಗೆ ಸಿಕ್ಕಿಕೊಂಡಿತ್ತು. ಅರ್ಧ ನೋಡಿ ಬಿಟ್ಟ ವಿಡಿಯೋಗೆ ತಳದಲ್ಲಿ ಕೆಂಪು ಗೆರೆಯೂ ಬರುತ್ತದೆ. ಒತ್ತಕ್ಷರ ಇರುವ ಸಾಲನ್ನು ತಳಕ್ಕೆ ಅಂಟಿಸಿದರೆ ಆ ಗೆರೆ ಒತ್ತುಗಳ ಮೇಲೇ ಹಾಯುತ್ತದೆ.

ಕೊನೆಗೆ ಪರೀಕ್ಷೆ. ಚಿತ್ರವನ್ನು 168 ಅಗಲಕ್ಕೆ ಇಳಿಸಿ, ಯೂಟ್ಯೂಬ್ ಪಟ್ಟಿಯ ಒಂದು ಸ್ಕ್ರೀನ್‌ಶಾಟ್ ಮೇಲೆ ಬೇರೆಯವರ ಥಂಬ್‌ನೇಲ್‌ಗಳ ನಡುವೆ ಅಂಟಿಸಿದೆ. ಒಂಟಿಯಾಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಸಂತೆಯಲ್ಲಿ ನಿಲ್ಲಿಸಿದಾಗಲೇ ಗೊತ್ತಾಗುವುದು. ಚಿಕ್ಕಪ್ಪನಿಗೆ ತೋರಿಸಲಿಲ್ಲ, ಅವರಿಗೆ ವಿಷಯ ಆಗಲೇ ಗೊತ್ತಿತ್ತು. ಅಡಿಕೆ ಸುಲಿಯಲು ಬಂದಿದ್ದ ಪಕ್ಕದ ಮನೆಯ ಅಕ್ಕನಿಗೆ ತೋರಿಸಿದೆ. ಕೈಯಲ್ಲಿ ಕೆಲಸ ಇತ್ತು, ಫೋನ್ ಮುಟ್ಟಲೂ ಇಲ್ಲ. ಕೂತಲ್ಲಿಂದಲೇ "ಕೆಂಪು ಹೇಗೆ" ಅಂತ ಓದಿದರು. ಓದಿ, "ಚೊಗರಿಂದ ಅಲ್ವಾ, ಇನ್ನೇನು?" ಅಂದರು.

ಅವತ್ತು ರಾತ್ರಿ ಅಪ್ಲೋಡ್ ಮಾಡಿದೆ. ಆಮೇಲೆ ಬ್ರೌಸರಿನಲ್ಲಿ ಈ ವಿಳಾಸ ಹಾಕಿ ನೋಡಿದೆ. `VIDEO_ID` ಇರುವ ಕಡೆ ನಿಮ್ಮ ವಿಡಿಯೋದ ಐಡಿ ಹಾಕಿ.

```
https://i.ytimg.com/vi/VIDEO_ID/default.jpg
```

ಯೂಟ್ಯೂಬ್ ತಾನೇ ಮಾಡಿಟ್ಟುಕೊಳ್ಳುವ 120 ಅಗಲದ ಚಿತ್ರ ಅದು, ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿ. ನಾನು ಪರೀಕ್ಷಿಸಿದ್ದಕ್ಕಿಂತಲೂ ಚಿಕ್ಕದು. ಅದರಲ್ಲಿ 'ಹೇ'ಯ ದೀರ್ಘ ಸ್ವಲ್ಪ ಮಂಕಾಗಿದೆ, ಪ್ರಶ್ನೆ ಚಿಹ್ನೆಯ ಚುಕ್ಕೆ ಹೆಚ್ಚುಕಡಿಮೆ ಹೋಗಿದೆ. ಸೊನ್ನೆಯ ತೂತು ಮಾತ್ರ ಹಾಗೇ ಇದೆ.