ಗಾಡಿ ಬುಕ್ ಮಾಡೋ ಮೊದಲು ಗೋಡೌನ್ ಮೀಟರ್ ನೋಡಿ

ನಮಸ್ಕಾರ. ಶಿವಮೊಗ್ಗದ ಪೇಟೆಯಲ್ಲಿ ಈಗ ಕರೆಂಟ್ ಲಗೇಜ್ ಆಟೋ ತಗೊಳ್ಳೋ ಮಾತು ಜೋರಾಗಿದೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಒಂದು ಚಾರ್ಜ್‌ಗೆ ಎಷ್ಟು ಓಡುತ್ತೆ?" ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದಲ್ಲ. ನಿಮ್ಮ ಗೋಡೌನ್‌ಗೆ ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆ? ಅದನ್ನು ಮೊದಲು ನೋಡಿ.

ಯಾಕೆ ಹೇಳ್ತೀನಿ ಅಂದರೆ, ನಾವು ಇದರಲ್ಲಿ ಏಟು ತಿಂದಿದ್ದೇವೆ. ಕಿರಾಣಿ ಸಾಮಾನು ಹಂಚುವ ಐದು ಗಾಡಿ ಬಂದ ಮೊದಲ ದಿನ, ರಾತ್ರಿ ಎಲ್ಲವನ್ನೂ ಒಟ್ಟಿಗೆ ಪ್ಲಗ್‌ಗೆ ಹಾಕಿ ಮನೆಗೆ ಹೋದೆವು. ಬೆಳಿಗ್ಗೆ ಆರಕ್ಕೆ ಬಂದು ನೋಡಿದರೆ ಮೇನ್ ಎಂಸಿಬಿ ಬಿದ್ದಿದೆ. ಐದೂ ಗಾಡಿ ರಾತ್ರಿ ಹೇಗಿದ್ದವೋ ಹಾಗೇ ನಿಂತಿವೆ. ಲೆಕ್ಕ ಸರಳ ಇತ್ತು, ನಾವು ಹಾಕಿರಲಿಲ್ಲ. ಒಂದು ಚಾರ್ಜರ್ ಸುಮಾರು 3 ಕಿಲೋವ್ಯಾಟ್ ಎಳೆಯುತ್ತೆ. ಐದಕ್ಕೆ 15. ನಮ್ಮದು 5 ಕಿಲೋವ್ಯಾಟ್‌ನ ಸಿಂಗಲ್ ಫೇಸ್.

ಹಾಗಂತ 15 ಕಿಲೋವ್ಯಾಟ್‌ಗೆ ಅರ್ಜಿ ಹಾಕಬೇಕಾ? ಬೇಡ. ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೂ ತಿಂಗಳಿಗೆ ನಿಗದಿತ ಶುಲ್ಕ ಬರುತ್ತೆ, ಬಳಸಿದರೂ ಬಳಸದಿದ್ದರೂ. ಊರೊಳಗೆ ಒಂದು ಗಾಡಿ ದಿನಕ್ಕೆ 60 ಕಿಲೋಮೀಟರ್ ಓಡುತ್ತೆ ಅಂತಿಟ್ಟುಕೊಳ್ಳಿ. ಮೀಟರ್‌ನಲ್ಲಿ ಸುಮಾರು 9 ಯೂನಿಟ್ ಬೇಕು. ಅಂದರೆ ಮೂರು ಗಂಟೆ. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಚಾರ್ಜರ್ ನಿಧಾನ ಆಗುತ್ತೆ, ಅದಕ್ಕೆ ಮೂರೂವರೆ ಗಂಟೆ ಹಿಡಿಯೋಣ. ತ್ರೀ ಫೇಸ್ ಲೈನ್ ತಗೊಂಡು ಒಂದೊಂದು ಫೇಸ್‌ಗೆ ಒಂದು ಚಾರ್ಜರ್ ಹಾಕಿದರೆ 9 ಕಿಲೋವ್ಯಾಟ್ ಸಾಕು. ರಾತ್ರಿ ಎಂಟೂವರೆಗೆ ಮೂರು ಗಾಡಿ, ಹನ್ನೆರಡಕ್ಕೆ ಉಳಿದ ಎರಡು. ಮೂರೂವರೆಗೆಲ್ಲ ಮುಗಿಯಿತು. ಗೋಡೌನ್‌ನ ದೀಪ ಫ್ಯಾನ್ ಸೇರಿಸಿ 10 ಕಿಲೋವ್ಯಾಟ್ ಕೇಳಿದರೆ ಆಯಿತು. ಪ್ಲಗ್ ಬದಲಿಸೋಕೆ ನಮ್ಮಲ್ಲಿ ವಾಚ್‌ಮನ್ ಇದ್ದಾರೆ. ಇಲ್ಲದವರು ಟೈಮರ್ ಹಾಕಿಸಬಹುದು.

ಮೂರೂವರೆಯಿಂದ ಬೆಳಗಾಗುವವರೆಗಿನ ಹೊತ್ತು ಸುಮ್ನೆ ಬಿಟ್ಟದ್ದಲ್ಲ, ರಾತ್ರಿ ಕರೆಂಟ್ ಹೋದರೆ ಅದು ಬೇಕಾಗುತ್ತೆ. ಆಷಾಢದ ಮಳೆಯಲ್ಲಿ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತೆ ಅಂತ ನಮಗೆಲ್ಲ ಗೊತ್ತಲ್ವಾ. ಅದಕ್ಕೇ ದೂರದ ರೂಟಿನ ಗಾಡಿ ಯಾವತ್ತೂ ಮೊದಲ ಪಾಳಿಯಲ್ಲೇ ಇರಲಿ. ಗಾಂಧಿ ಬಜಾರ್, ದುರ್ಗಿಗುಡಿ ಸುತ್ತುವ ಗಾಡಿ ಅರ್ಧ ಚಾರ್ಜಲ್ಲಿ ಹೊರಟರೂ, ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಒಂದೂವರೆ ಗಂಟೆ ನಿಂತರೆ ಇನ್ನೊಂದು 30 ಕಿಲೋಮೀಟರ್ ಸಿಗುತ್ತೆ.

ಇನ್ನೊಂದು ಮಾತು, ಪ್ಲಗ್ ಬಗ್ಗೆ. ಚಾರ್ಜ್ ಶುರುವಾಗಿ ಒಂದು ಗಂಟೆ ಆದ ಮೇಲೆ ಪ್ಲಗ್ ಟಾಪ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡೋಕಾಗದಷ್ಟು ಬಿಸಿ ಇದ್ದರೆ, ಪಿನ್ನಿನ ಸುತ್ತ ಕಂದು ಬಣ್ಣ ಬಂದಿದ್ದರೆ, ಒಳಗೆ ಹಿಡಿತ ಸಡಿಲ ಆಗಿದೆ ಅಂತ ಅರ್ಥ. ಆ ಸಾಕೆಟ್ಟನ್ನು ಅವತ್ತೇ ಬದಲಿಸಿ. ಅಗ್ಗದ ಸಾಕೆಟ್ ದಿನಾ ಮೂರು ಗಂಟೆ 13 ಆಂಪಿಯರ್ ತಡೆಯಲ್ಲ.

ಈಗ ದುಡ್ಡು. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 60 ಕಿಲೋಮೀಟರ್‌ಗೆ 72 ರೂಪಾಯಿ. ಡೀಸೆಲ್ ಆಟೋ ಲೀಟರ್‌ಗೆ 25 ಕೊಟ್ಟರೆ, ಲೀಟರ್ 90ರ ಲೆಕ್ಕದಲ್ಲಿ ಅದೇ ದೂರಕ್ಕೆ 216. ಗಾಡಿಗೆ ದಿನಕ್ಕೆ 144 ಉಳಿತಾಯ, 26 ದಿನಕ್ಕೆ ಸುಮಾರು 3,700. ಈ ಹಣ ಸಿಗೋದು ಗಾಡಿ ಓಡಿದರೆ ಮಾತ್ರ. ದಿನಕ್ಕೆ 20 ಕಿಲೋಮೀಟರ್ ಓಡಿಸುವವರಿಗೆ ಸಾವಿರದ ಚಿಲ್ಲರೆ ಉಳಿಯುತ್ತೆ. ಸಾಲದ ಕಂತು ಅದರಲ್ಲಿ ಹುಟ್ಟಲ್ಲ.

ತೂಕದ ವಿಷಯದಲ್ಲಿ ನಮ್ಮ ಹಳೇ ಅಭ್ಯಾಸ ಬಿಡಲೇಬೇಕು. ಗಾಡಿ 500 ಕಿಲೋ ಹೊರುತ್ತೆ ಅಂದರೆ 25 ಕಿಲೋದ ಅಕ್ಕಿ ಮೂಟೆ ಇಪ್ಪತ್ತೇ. ನಮ್ಮ ಮಳೆಗೆ ಮುಚ್ಚಿದ ಡಬ್ಬಿ ಬೇಕೇ ಬೇಕು, ಆ ಡಬ್ಬಿಯ ತೂಕವೂ ಇದರಲ್ಲೇ ಕಳೆಯುತ್ತೆ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಡಬ್ಬಿ ಸಮೇತ ಖಾಲಿ ತೂಕ ಮತ್ತು ಡ್ರೈವರ್ ತೂಕ ಕಳೆದು ನೋಡಿ. ಬಿಸ್ಕತ್ತು, ಬ್ರೆಡ್ ಆದರೆ ತೂಕಕ್ಕೆ ಮೊದಲೇ ಜಾಗ ತುಂಬುತ್ತೆ, ಚಿಂತೆ ಇಲ್ಲ. ಅಕ್ಕಿ, ಸಕ್ಕರೆ ಆದರೆ ಅರ್ಧ ಡಬ್ಬಿ ಖಾಲಿ ಕಂಡರೂ ಅಲ್ಲಿಗೇ ನಿಲ್ಲಿಸಿ. ಜಾಸ್ತಿ ಹೇರಿದ ಗಾಡಿ ಏರಿನಲ್ಲಿ ಮೋಟಾರ್ ಬಿಸಿಯಾಗಿ ತಾನೇ ಶಕ್ತಿ ಇಳಿಸಿಕೊಳ್ಳುತ್ತೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಮುಂದೆ ಹೋಗಲ್ಲ.

ಏರಿಗೂ ಒಂದು ಲೆಕ್ಕ ಇದೆ. ಲೋಡ್ ಸೇರಿ ಒಂದು ಟನ್ ಇರುವ ಗಾಡಿ 100 ಮೀಟರ್ ಎತ್ತರ ಹತ್ತಿದರೆ ಬ್ಯಾಟರಿಯಿಂದ ಸುಮಾರು ಮೂರನೇ ಒಂದು ಯೂನಿಟ್ ಜಾಸ್ತಿ ಹೋಗುತ್ತೆ. ಸಮ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಓಡಿದಷ್ಟು. ಶಿವಮೊಗ್ಗ ಊರೊಳಗೆ ಇದು ಲೆಕ್ಕಕ್ಕೇ ಬರಲ್ಲ, ತುಂಗೆಯ ದಡದ ಊರು, ಹೆಚ್ಚು ಕಡಿಮೆ ಸಮತಟ್ಟು. ಹಾಗಾಗಿ "ಮಲೆನಾಡಿಗೆ ಕರೆಂಟ್ ಗಾಡಿ ಆಗಲ್ಲ" ಅನ್ನೋ ಮಾತು ನಾನು ಒಪ್ಪಲ್ಲ. ಆದರೆ ತೀರ್ಥಹಳ್ಳಿಗೆ ಹೋಗಿ ಬರೋಕೆ ಸುಮಾರು 120 ಕಿಲೋಮೀಟರ್, ಅದೂ ಏರಿಳಿತದ ರಸ್ತೆ. 80 ಓಡುವ ಗಾಡಿಯನ್ನು ಆ ದಾರಿಗೆ ಕಳಿಸೋದು ಡ್ರೈವರ್‌ಗೆ ಮಾಡುವ ಅನ್ಯಾಯ. ಆ ರೂಟಿಗೆ ನಾವು ಒಂದು ಡೀಸೆಲ್ ಗಾಡಿ ಇನ್ನೂ ಇಟ್ಟುಕೊಂಡಿದ್ದೇವೆ.