ಶುಲ್ಕ ಸೊನ್ನೆ, ಆದರೂ ನಲವತ್ತು ಯೂರೋ ಕಮ್ಮಿ

ಎಲ್ಲರಿಗೂ ನಮಸ್ಕಾರ. ನೇರ ಲೆಕ್ಕಕ್ಕೇ ಬರುತ್ತೇನೆ. ನಿಮ್ಮ ಬ್ಯಾಂಕ್ ಖಾತೆ ಯೂರೋದಲ್ಲಿದೆ. ನೀವು ಆನ್‌ಲೈನಿನಲ್ಲಿ ಕೊಳ್ಳಲು ಬಳಸುವ ಪ್ಲಾಟ್‌ಫಾರ್ಮ್ ನಿಮ್ಮ ಬ್ಯಾಲೆನ್ಸ್ ಇಡುವುದು ಡಾಲರಿನಲ್ಲಿ. 1,000 ಯೂರೋ ಹಾಕಿದಿರಿ. ಆ ಹೊತ್ತಿಗೆ ಮಧ್ಯದ ದರ, ಅಂದರೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಟ್ಟನಡುವಿನ ದರ, ಯೂರೋಗೆ 1.10 ಡಾಲರ್ ಎಂದಿಟ್ಟುಕೊಳ್ಳಿ. 1,100 ಡಾಲರ್ ಬರಬೇಕು, ಅಲ್ವಾ? ಬಂದದ್ದು 1,078. ಪರದೆಯ ಮೇಲೆ ಮಾತ್ರ ‘ಶುಲ್ಕ: 0’.

ಆ 22 ಡಾಲರ್ ದರದೊಳಗೇ ಅಡಗಿದೆ. ಪ್ಲಾಟ್‌ಫಾರ್ಮ್ ನಿಮಗೆ ಕೊಟ್ಟ ದರ 1.078. ಶೇಕಡಾ 2 ಅದರ ಪಾಲು. ಅದನ್ನು ಶುಲ್ಕ ಅಂತ ಅವರು ಕರೆಯುವುದಿಲ್ಲ, ಅಷ್ಟೇ.

ಈಗ ಏನನ್ನೂ ಕೊಳ್ಳದೆ, ಸುಮ್ನೆ ದುಡ್ಡು ವಾಪಸ್ ತೆಗೆಯಿರಿ. ಮಧ್ಯದ ದರ ಒಂದಿಷ್ಟೂ ಅಲುಗಾಡಿಲ್ಲ. 1,078 ಡಾಲರಿಗೆ 980 ಯೂರೋ ಆಗಬೇಕು. ಮತ್ತೆ ಶೇಕಡಾ 2 ಹೋಗಿ ಕೈಗೆ ಬರುವುದು 960.40. ಹೋಗಿ ಬಂದ ದಾರಿಗೇ ಸುಮಾರು 40 ಯೂರೋ! ಯೂರೋ ಬೆಲೆಯ ವಸ್ತುವನ್ನು ಆ ಡಾಲರ್ ಬ್ಯಾಲೆನ್ಸಿನಿಂದ ಕೊಂಡರೂ ಇದೇ ಕಥೆ. ನಿಮ್ಮ ಯೂರೋ ಡಾಲರಾಗಿ, ಮತ್ತೆ ಯೂರೋ ಆಗುತ್ತದೆ. ಎರಡು ಸಲ ಕತ್ತರಿ.

ಇದು ಪ್ಲಾಟ್‌ಫಾರ್ಮಿನ ಪಾಲು. ಕಾರ್ಡಿನಿಂದ ಹಾಕಿದರೆ ಕಾರ್ಡ್ ಕೊಟ್ಟ ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕ ಬೇರೆ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ‘ನಿಮ್ಮದೇ ಕರೆನ್ಸಿಯಲ್ಲಿ ಪಾವತಿಸಿ’ ಎಂಬ ಗುಂಡಿ ಒತ್ತಿದೆ. ಇನ್ನು ಬ್ಯಾಂಕ್ ಏನೂ ಕೇಳುವುದಿಲ್ಲ ಎಂದುಕೊಂಡೆ. ಆದರೆ ಹಲವು ಬ್ಯಾಂಕುಗಳು ಕರೆನ್ಸಿ ನೋಡುವುದಿಲ್ಲ, ಹಣ ಪಡೆಯುವವರು ಯಾವ ದೇಶದಲ್ಲಿ ನೋಂದಾಯಿಸಿದ್ದಾರೆ ಎಂದು ನೋಡುತ್ತವೆ. ಹಾಗಾಗಿ ಪ್ಲಾಟ್‌ಫಾರ್ಮಿನ ಕೆಟ್ಟ ದರವೂ ಬಿತ್ತು, ಬ್ಯಾಂಕಿನ ಶುಲ್ಕವೂ ಬಿತ್ತು. ಆ ಗುಂಡಿ ಒತ್ತದೆ ಡಾಲರಿನಲ್ಲೇ ಪಾವತಿಸಿದ್ದರೆ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲದ ದರ ಸಿಗುತ್ತಿತ್ತು. ಅದು ಸಾಮಾನ್ಯವಾಗಿ ಮಧ್ಯದ ದರಕ್ಕೆ ಹತ್ತಿರ. ಬ್ಯಾಂಕಿನ ಶುಲ್ಕ ಆಗಲೂ ಬೀಳುತ್ತಿತ್ತು, ಆದರೆ ಅದೊಂದೇ.

ನಿಮಗೆ ಎಷ್ಟು ಕತ್ತರಿ ಬಿದ್ದಿದೆ ಎಂದು ತಿಳಿಯಲು ಒಂದು ಭಾಗಾಕಾರ ಸಾಕು. ಬಂದ ಡಾಲರನ್ನು ಖಾತೆಯಿಂದ ಹೋದ ಒಟ್ಟು ಯೂರೋದಿಂದ ಭಾಗಿಸಿ, ಅದೇ ಹೊತ್ತಿನ ಮಧ್ಯದ ದರದ ಪಕ್ಕದಲ್ಲಿಡಿ. ಮರುದಿನದ ದರ ಬೇಡ, ಅದರಲ್ಲಿ ಮಾರುಕಟ್ಟೆಯ ಏರಿಳಿತವೂ ಸೇರಿಬಿಡುತ್ತದೆ. ವಾರಾಂತ್ಯದಲ್ಲಿ ಮಾರುಕಟ್ಟೆ ಮುಚ್ಚಿರುವುದರಿಂದ ಕೆಲವರು ತಮ್ಮ ಪಾಲನ್ನು ಇನ್ನಷ್ಟು ಹೆಚ್ಚಿಸುತ್ತಾರೆ.

ತಪ್ಪಿಸಿಕೊಳ್ಳಲು ಇರುವ ಒಳ್ಳೆಯ ದಾರಿ ಡಾಲರ್ ಇಟ್ಟುಕೊಳ್ಳಬಲ್ಲ ಒಂದು ಖಾತೆ. ಡಾಲರನ್ನು ಡಾಲರಾಗಿಯೇ ಅಲ್ಲಿಗೆ ತೆಗೆದುಕೊಂಡರೆ ಪರಿವರ್ತನೆಯೇ ಇಲ್ಲ. ಆದರೆ ಅದನ್ನು ಯೂರೋ ಖಾತೆಗೆ ಕಳಿಸಬೇಡಿ. ಆಗ ನಿಮ್ಮ ಬ್ಯಾಂಕ್ ತನ್ನದೇ ದರದಲ್ಲಿ ಬದಲಾಯಿಸುತ್ತದೆ, ನಡುವಿನ ಬ್ಯಾಂಕ್ ಒಂದಿಷ್ಟು ಕಡಿದುಕೊಳ್ಳಲೂಬಹುದು. ವರ್ಷಕ್ಕೊಮ್ಮೆ ಐವತ್ತು ಡಾಲರ್ ಹಾಕುವವರಿಗೆ ಇಷ್ಟೆಲ್ಲ ರಗಳೆ ಬೇಡ. ಒಂದು ಡಾಲರ್ ಹೋದರೆ ಹೋಗಲಿ.