ಗೋಡೆಯ ಮರೆಗೆ ಸೇರಿದ ಮೇಲೂ ಗುಂಡು ತಗುಲುವುದೇಕೆ?

[ಪರದೆ: ಆಟದ ಒಂದು ಓಣಿ. ಆಟಗಾರ್ತಿಯೊಬ್ಬಳು ಓಡಿ ಬಂದು ಗೋಡೆಯ ಹಿಂದೆ ಸೇರುತ್ತಾಳೆ. ಅರೆಕ್ಷಣದ ನಂತರ ಕುಸಿದು ಬೀಳುತ್ತಾಳೆ.]

ಈ ಸಾವು ನಿಮಗೂ ಬಂದಿರುತ್ತದೆ. ಗೋಡೆಯ ಮರೆಗೆ ಸೇರಿಯಾಗಿದೆ, ಎದುರಾಳಿ ಕಣ್ಣಿಗೆ ಕಾಣುತ್ತಲೂ ಇಲ್ಲ, ಆದರೂ ಸತ್ತಿರಿ. ಮೋಸ ಎಂದು ಕೂಗುವವರೇ ಹೆಚ್ಚು. ಬಹಳಷ್ಟು ಸಲ ಇದು ಮೋಸವಲ್ಲ, ಪ್ರೋಗ್ರಾಮಿನ ದೋಷವೂ ಅಲ್ಲ. ಆಟ ಬರೆದವರು ಗೊತ್ತಿದ್ದೇ ಮಾಡಿದ ಆಯ್ಕೆ. ಅದರ ಲೆಕ್ಕವನ್ನು ಇವತ್ತು ಬಿಡಿಸಿ ನೋಡೋಣ.

ಅಕ್ಕ, ತಮ್ಮ ಇಬ್ಬರು ಕೌಂಟರ್-ಸ್ಟ್ರೈಕ್ ಆಡುತ್ತಿದ್ದಾರೆ ಎಂದುಕೊಳ್ಳಿ. ಸರ್ವರ್ ಮುಂಬೈಯಲ್ಲಿದೆ. ಅಕ್ಕ ಬೆಂಗಳೂರಿನಲ್ಲಿ, ಮನೆಗೆ ಫೈಬರ್ ಸಂಪರ್ಕವಿದೆ, ಪಿಂಗ್ 40 ಮಿಲಿಸೆಕೆಂಡ್. ತಮ್ಮ ಹಳ್ಳಿಯಲ್ಲಿ, ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡಿದ್ದಾನೆ, ಪಿಂಗ್ 120. ಪಿಂಗ್ ಎಂದರೆ ಹೋಗಿ ಬರುವ ಒಟ್ಟು ಸಮಯ. ಹಾಗಾಗಿ ತಮ್ಮನ ಸಂದೇಶ ಸರ್ವರ್ ಮುಟ್ಟಲು ಸುಮಾರು 60, ಅಕ್ಕನದು 20 ಮಿಲಿಸೆಕೆಂಡ್.

[ಪರದೆ: ನಡುವೆ ಸರ್ವರ್, ಎರಡು ಬದಿಗೆ ಅಕ್ಕ ಮತ್ತು ತಮ್ಮ. ಗೆರೆಗಳ ಮೇಲೆ 20 ಮತ್ತು 60.]

ಯಾರು ಎಲ್ಲಿದ್ದಾರೆ ಎಂಬುದರಲ್ಲಿ ಸರ್ವರ್ ಹೇಳಿದ್ದೇ ಕೊನೆಯ ಮಾತು. ಆಟಗಾರನ ಕಂಪ್ಯೂಟರ್ "ನಾನು ಇಲ್ಲಿದ್ದೇನೆ" ಎಂದು ಹೇಳುವಂತಿಲ್ಲ, ಯಾವ ಕೀಲಿ ಒತ್ತಿದೆ ಎಂದಷ್ಟೇ ತಿಳಿಸಬೇಕು. 1996ರ ಕ್ವೇಕ್ ಆಟದಲ್ಲಿ ಈ ನಿಯಮವನ್ನು ಅಕ್ಷರಶಃ ಪಾಲಿಸಿದ್ದರು. ಕೀಲಿ ಒತ್ತಿದ್ದು ಸರ್ವರ್‌ಗೆ ಹೋಗಿ, ಉತ್ತರ ಮರಳಿ ಬರುವವರೆಗೆ ನಿಮ್ಮ ಕಾಲು ಏಳುತ್ತಿರಲಿಲ್ಲ. ಮೋಡೆಮ್ ಇದ್ದವರಿಗೆ ಅದು ಕೆಸರಿನಲ್ಲಿ ನಡೆದ ಹಾಗೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಕ್ವೇಕ್ ಪ್ರೋಗ್ರಾಮ್ ಬರೆದ ಜಾನ್ ಕಾರ್ಮ್ಯಾಕ್ ಅವರ ಕ್ವೇಕ್‌ವರ್ಲ್ಡ್ ಬಂತು. ಅದರಲ್ಲಿ ನಿಮ್ಮ ಕಂಪ್ಯೂಟರ್ ಉತ್ತರಕ್ಕೆ ಕಾಯದೆ ನಿಮ್ಮನ್ನು ಕೂಡಲೇ ನಡೆಸುತ್ತದೆ, ಆಮೇಲೆ ಸರ್ವರ್‌ನೊಂದಿಗೆ ತಾಳೆ ನೋಡಿಕೊಳ್ಳುತ್ತದೆ.

ತಾಳೆ ನೋಡುವ ವಿಧಾನ ಚೊಕ್ಕವಾಗಿದೆ. ಪ್ರತಿ ಆದೇಶಕ್ಕೂ ಒಂದು ಸಂಖ್ಯೆ ಇರುತ್ತದೆ. "500ನೆಯ ಆದೇಶದವರೆಗೆ ನೋಡಿದ್ದೇನೆ, ಆಗ ನೀನು ಈ ಜಾಗದಲ್ಲಿದ್ದೆ" ಎಂದು ಸರ್ವರ್ ಉತ್ತರಿಸುತ್ತದೆ. ತಮ್ಮನ ಕಂಪ್ಯೂಟರ್ ಅವನನ್ನು ಆ ಜಾಗದಲ್ಲಿಟ್ಟು, 501ರಿಂದ ಈಚೆಗಿನ ಆದೇಶಗಳನ್ನು ಮತ್ತೊಮ್ಮೆ ನಡೆಸಿ ನೋಡುತ್ತದೆ. ಎರಡೂ ಲೆಕ್ಕ ಕೂಡಿದರೆ ಪರದೆಯಲ್ಲಿ ಏನೂ ಬದಲಾಗುವುದಿಲ್ಲ. ನಡುವೆ ಯಾರೋ ಅಡ್ಡ ಬಂದಿದ್ದರೆ, ಅಥವಾ ಆದೇಶ ಹೊತ್ತ ಪ್ಯಾಕೆಟ್‌ಗಳೇ ಕಳೆದುಹೋಗಿದ್ದರೆ, ಲೆಕ್ಕ ತಪ್ಪುತ್ತದೆ. ಆಗ ಸೊಂಟಕ್ಕೆ ಹಗ್ಗ ಕಟ್ಟಿ ಎಳೆದಂತೆ ನೀವು ಹಿಂದಕ್ಕೆ ಬರುತ್ತೀರಿ. ಆಟದಲ್ಲಿ ಹೀಗೆ ಪದೇ ಪದೇ ಆಗುತ್ತಿದ್ದರೆ ಪಿಂಗ್‌ಗಿಂತ ಮೊದಲು ಪ್ಯಾಕೆಟ್ ನಷ್ಟವನ್ನು ಅನುಮಾನಿಸಿ.

ಸ್ವಂತ ಕಾಲಿನ ಮಟ್ಟಿಗೆ ಇದು ಸರಿ. ಅಕ್ಕನ ಬೆರಳು ಮುಂದೆ ಯಾವ ಕೀಲಿ ಒತ್ತುತ್ತದೆ ಎಂದು ತಮ್ಮನ ಕಂಪ್ಯೂಟರ್ ಊಹಿಸುವುದು ಹೇಗೆ? ಊಹಿಸಿದರೆ ತಪ್ಪುತ್ತದೆ. ಅದಕ್ಕೇ ಅದು ಅಕ್ಕನ ಹಳೆಯ ಚಿತ್ರವನ್ನು ತೋರಿಸುತ್ತದೆ. ಕೌಂಟರ್-ಸ್ಟ್ರೈಕ್: ಸೋರ್ಸ್ ಓಡುವ ಸೋರ್ಸ್ ಎಂಜಿನ್ನಿನ ಮೂಲ ಏರ್ಪಾಡಿನಲ್ಲಿ ಸರ್ವರ್ ಸೆಕೆಂಡಿಗೆ 20 ಸಲ, ಅಂದರೆ 50 ಮಿಲಿಸೆಕೆಂಡಿಗೊಮ್ಮೆ, ಆಟದ ಸ್ಥಿತಿಯನ್ನು ಕಳುಹಿಸುತ್ತದೆ. ತಮ್ಮನ ಪರದೆ ಬೇಕೆಂದೇ ಇನ್ನೂ 100 ಮಿಲಿಸೆಕೆಂಡ್ ಹಿಂದೆ ಉಳಿದು, ಬಂದ ಎರಡು ಸ್ಥಿತಿಗಳ ನಡುವಿನ ಚಲನೆಯನ್ನು ತುಂಬಿ ತೋರಿಸುತ್ತದೆ. ನಡುವೆ ಒಂದು ಪ್ಯಾಕೆಟ್ ಬಾರದೇ ಹೋದರೂ ಅಕ್ಕ ಮುಗ್ಗರಿಸದೆ ಓಡುವಂತೆ ಕಾಣುವುದು ಈ ಮೀಸಲಿನಿಂದ.

ಈಗ ತಮ್ಮ ಗುಂಡು ಹಾರಿಸುತ್ತಾನೆ.

[ಪರದೆ: ಕಾಲರೇಖೆ. ಬಲತುದಿಯಲ್ಲಿ "ಸರ್ವರ್‌ಗೆ ಗುಂಡಿನ ಆದೇಶ ತಲುಪಿತು". ಅಲ್ಲಿಂದ ಎಡಕ್ಕೆ 60, 60, 100.]

ಆದೇಶ ಸರ್ವರ್ ತಲುಪಿದ ಗಳಿಗೆಯಿಂದ ಹಿಂದಕ್ಕೆ ಎಣಿಸೋಣ. ಆದೇಶದ ಪ್ರಯಾಣ 60. ಅವನು ನೋಡಿದ ಚಿತ್ರ ಸರ್ವರ್‌ನಿಂದ ಅವನಿಗೆ ಬರಲು ಹಿಡಿದದ್ದು ಇನ್ನೊಂದು 60. ಪರದೆ ಬೇಕೆಂದೇ ಹಿಂದೆ ಉಳಿದದ್ದು 100. ಒಟ್ಟು 220 ಮಿಲಿಸೆಕೆಂಡ್. ಆಟದೊಳಗಿನ ದೂರದ ಅಳತೆ ಯೂನಿಟ್, ಚಾಕು ಹಿಡಿದು ಓಡುವವರ ವೇಗ ಸೆಕೆಂಡಿಗೆ 250 ಯೂನಿಟ್. ಹಾಗಾದರೆ ಅಷ್ಟರಲ್ಲಿ ಅಕ್ಕ 55 ಯೂನಿಟ್ ಮುಂದೆ ಹೋಗಿದ್ದಾಳೆ. ಆಟಗಾರರ ದೇಹದ ಅಗಲ 32 ಯೂನಿಟ್ ಮಾತ್ರ. ಸರ್ವರ್ ಈಗಿನ ಸ್ಥಿತಿಯನ್ನೇ ನೋಡಿ ತೀರ್ಪು ಕೊಟ್ಟರೆ, ಎದೆಗೇ ಗುರಿಯಿಟ್ಟ ಗುಂಡು ಖಾಲಿ ಗಾಳಿಗೆ ಹೋಗುತ್ತದೆ. ಹಳೆಯ ಕಾಲದಲ್ಲಿ ತಂತಮ್ಮ ಪಿಂಗ್‌ಗೆ ತಕ್ಕಂತೆ ಓಡುವವರ ಮುಂದಕ್ಕೆ ಗುರಿಯಿಡುವುದನ್ನು ಜನ ರೂಢಿಸಿಕೊಂಡಿದ್ದರು.

ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ಗೆ ಬರೆದ ಪ್ರಬಂಧದಲ್ಲಿ ಇದಕ್ಕೆ ಒಂದು ಉಪಾಯವನ್ನು ವಿವರಿಸಿದರು. ನಮಗೆ ಅರ್ಥವಾಗುವಂತೆ ಹೇಳುವುದಾದರೆ, ಸರ್ವರ್ ಕ್ರಿಕೆಟ್ಟಿನ ಮೂರನೆಯ ಅಂಪೈರ್ ಆಗುತ್ತದೆ. ಎಲ್ಲರೂ ಈಚೆಗೆ ಎಲ್ಲೆಲ್ಲಿದ್ದರು ಎಂಬ ದಾಖಲೆ ಅದರ ಬಳಿ ಇರುತ್ತದೆ. ಗುಂಡಿನ ಆದೇಶ ಬಂದ ಕೂಡಲೇ ಉಳಿದವರನ್ನೆಲ್ಲ 220 ಮಿಲಿಸೆಕೆಂಡ್ ಹಿಂದಿನ ಜಾಗಕ್ಕೆ ಸರಿಸಿ, ಗುಂಡು ತಗುಲಿತೇ ಎಂದು ನೋಡಿ, ಮತ್ತೆ ಇದ್ದಲ್ಲಿಗೇ ತಂದಿಡುತ್ತದೆ. ಕೆಳಗಿನ ಸಾಲುಗಳಲ್ಲಿ interp ಎಂದರೆ ಪರದೆ ಬೇಕೆಂದೇ ಹಿಂದೆ ಉಳಿದ ಆ 100 ಮಿಲಿಸೆಕೆಂಡ್.

```
seen = now - ping - interp
for p in others: p.box = p.history.at(seen)
hit = trace(shot)
for p in others: p.box = p.current
```

ರಾಕೆಟ್, ಗ್ರೆನೇಡ್‌ಗಳಂತೆ ಹಾರಿಹೋಗಲು ಸಮಯ ಹಿಡಿಯುವ ವಸ್ತುಗಳಿಗೆ ಈ ಉಪಕಾರ ಸಾಮಾನ್ಯವಾಗಿ ಇಲ್ಲ. ಅವು ಸರ್ವರ್‌ನ ವರ್ತಮಾನದಲ್ಲೇ ಹಾರುತ್ತವೆ.

ಈಗ ಅಕ್ಕನ ಕಡೆಗೆ ಬನ್ನಿ. ಅವಳು ಕೀಲಿ ಒತ್ತಿದಾಗಲೇ ಅವಳ ಪರದೆಯಲ್ಲಿ ಓಡಿಯಾಗಿದೆ, ಸರ್ವರ್‌ಗೆ ಅದು ತಿಳಿದದ್ದು 20 ಮಿಲಿಸೆಕೆಂಡ್ ತಡವಾಗಿ. ಸತ್ತ ಸುದ್ದಿ ಅವಳಿಗೆ ಮುಟ್ಟಲು ಮತ್ತೆ 20. ಹೀಗೆ 220ಕ್ಕೆ 40 ಸೇರಿ 260 ಮಿಲಿಸೆಕೆಂಡ್ ಆಯಿತು. ಆ ಅವಧಿಯಲ್ಲಿ ಅವಳು ಓಡಿದ ದೂರ 65 ಯೂನಿಟ್, ಅಂದರೆ ಎರಡು ದೇಹದಗಲ. ಗೋಡೆಯ ಅಂಚಿನಲ್ಲಿ ತಮ್ಮನಿಗೆ ಕೊನೆಯದಾಗಿ ಕಂಡವಳು, ತನ್ನ ಪರದೆಯಲ್ಲಿ ಗೋಡೆಯ ಹಿಂದೆ ಪೂರ್ತಿ ಅಡಗಿದ ಮೇಲೆ ಸಾಯುತ್ತಾಳೆ.

[ಪರದೆ: ಒಂದೇ ಗಳಿಗೆಯ ಎರಡು ಚಿತ್ರ. ಎಡಕ್ಕೆ ತಮ್ಮ ಕಂಡದ್ದು, ಬಲಕ್ಕೆ ಅಕ್ಕ ಕಂಡದ್ದು.]

ಇಬ್ಬರೂ ಕಂಡದ್ದು ನಿಜ. ಒಬ್ಬರಿಗೆ ಅನ್ಯಾಯವಾಗಲೇಬೇಕು, ಅದು ಯಾರಿಗೆ ಎಂಬುದಷ್ಟೇ ಪ್ರಶ್ನೆ. ಗುಂಡು ಹೊಡೆದವನ ಪರ ನಿಂತದ್ದು ಸರಿಯೆಂದೇ ನನ್ನ ಅಭಿಪ್ರಾಯ. ಹೊಡೆದವನ ಕಣ್ಣು ಆ ಗಳಿಗೆ ಗುರಿಯ ಮೇಲೇ ನೆಟ್ಟಿರುತ್ತದೆ, ತಪ್ಪಿದರೆ ಅವನಿಗೆ ಪ್ರತಿ ಸಲವೂ ಗೊತ್ತಾಗುತ್ತದೆ. ಓಡುವವರು ಹೆಚ್ಚಿನ ಸಲ ಹೊಡೆದವರನ್ನು ನೋಡಿಯೇ ಇರುವುದಿಲ್ಲ. ಗೋಡೆ ಅಡ್ಡ ಇದ್ದಾಗ ಮಾತ್ರ ಅವರಿಗಾದ ಅನ್ಯಾಯ ಕಣ್ಣಿಗೆ ಹೊಡೆಯುತ್ತದೆ.

ಆದರೂ ಇದಕ್ಕೊಂದು ಮಿತಿ ಬೇಕು. ಇಲ್ಲದಿದ್ದರೆ ಸಂಪರ್ಕವನ್ನು ಬೇಕೆಂದೇ ನಿಧಾನ ಮಾಡಿಕೊಂಡವನು ಎಲ್ಲರನ್ನೂ ಅವರ ಹಳೆಯ ಜಾಗದಲ್ಲಿ ಹೊಡೆಯುತ್ತ ಕೂರುತ್ತಾನೆ. ಸೋರ್ಸ್ ಎಂಜಿನ್‌ನಲ್ಲಿ `sv_maxunlag` ಎಂಬ ಮಿತಿಯ ಮೂಲ ಬೆಲೆ 1 ಸೆಕೆಂಡ್. ನನಗೆ ಅದು ಅತಿಯಾಯಿತು ಅನಿಸುತ್ತದೆ. ನಾವು ಸರ್ವರ್ ನಡೆಸುತ್ತಿದ್ದೇವೆ, ಮಿತಿಯನ್ನು 200 ಮಿಲಿಸೆಕೆಂಡಿಗೆ ಇಳಿಸಿದೆವು ಎನ್ನಿ. ತಮ್ಮನ 220ರಲ್ಲಿ 20 ಹೊರಗುಳಿಯಿತು. ಅದರಿಂದ ಆಗುವ ವ್ಯತ್ಯಾಸ 5 ಯೂನಿಟ್, ಎದೆಗೆ ಗುರಿಯಿಟ್ಟರೆ ಗುಂಡು ಇನ್ನೂ ದೇಹಕ್ಕೇ ಬೀಳುತ್ತದೆ.

ಸಂಜೆಯಾಗಿ ಊರಿನವರೆಲ್ಲ ಮೊಬೈಲ್ ಹಿಡಿದು ಕುಳಿತಾಗ ತಮ್ಮನ ಪಿಂಗ್ 300ಕ್ಕೆ ಏರುತ್ತದೆ. ಒಟ್ಟು 400, ಮಿತಿಯಿಂದ 200 ಹೊರಗೆ, 50 ಯೂನಿಟ್ ವ್ಯತ್ಯಾಸ. ಓಡುವ ಅಕ್ಕನ ಎದೆಗೆ ನೇರ ಗುರಿಯಿಟ್ಟರೆ ಈಗ ಗುಂಡು ಅವಳ ಬೆನ್ನ ಹಿಂದೆ ಹಾದುಹೋಗುತ್ತದೆ. ಅವನು ಮತ್ತೆ 1996ರವರಂತೆ ಅವಳ ಮುಂದಕ್ಕೆ ಗುರಿಯಿಡಬೇಕು, ಅಥವಾ ಅವಳು ಎಲ್ಲಾದರೂ ನಿಲ್ಲುವವರೆಗೆ ಕಾಯಬೇಕು. ಅಕ್ಕನಿಗೆ ಮಾತ್ರ, ಎದುರಾಳಿಯ ಪಿಂಗ್ ಎಷ್ಟೇ ಇರಲಿ, ಗೋಡೆಯ ಹಿಂದಿನ ಸಾವು 240 ಮಿಲಿಸೆಕೆಂಡಿಗಿಂತ ತಡವಾಗಿ ಬರುವುದಿಲ್ಲ.